ಒಂದು ಸುತ್ತಿಗೆ 6400 ಪಲ್ಸ್ ಇಟ್ಟರೂ ಟೇಬಲ್ ಒಂದು ಮೈಕ್ರಾನ್ ಏಕೆ ಸರಿಯುವುದಿಲ್ಲ?

ಪ್ರಶ್ನೆ: ಸರ್, ಬೆಳಗಾವಿಯ ಉದ್ಯಮಬಾಗ್‌ನಲ್ಲಿ ನನ್ನದೊಂದು ಸಣ್ಣ ವರ್ಕ್‌ಶಾಪ್ ಇದೆ. ಹೈಡ್ರಾಲಿಕ್ ಬ್ಲಾಕ್‌ಗಳಿಗೆ ರಂಧ್ರ ಕೊರೆಯುವ ಜಾಬ್ ವರ್ಕ್ ನಮ್ಮದು. ಹಳೆಯ ಸಣ್ಣ ಮಿಲ್ಲಿಂಗ್ ಮಷಿನ್‌ನ ಟೇಬಲ್‌ಗೆ 16 ಮಿ.ಮೀ. ವ್ಯಾಸ, 5 ಮಿ.ಮೀ. ಲೀಡ್‌ನ ಬಾಲ್ ಸ್ಕ್ರೂ ಮತ್ತು 1.8 ಡಿಗ್ರಿಯ, 1.9 ನ್ಯೂಟನ್ ಮೀಟರ್‌ನ ಸ್ಟೆಪ್ಪರ್ ಮೋಟರ್ ಕೂರಿಸಿದೆ. ಡ್ರೈವರ್ ಸ್ವಿಚ್ ಒಂದು ಸುತ್ತಿಗೆ 6400 ಪಲ್ಸ್‌ಗೆ ಇಟ್ಟಿದ್ದೇನೆ. ಲೆಕ್ಕದ ಪ್ರಕಾರ ಒಂದು ಪಲ್ಸ್‌ಗೆ 0.78 ಮೈಕ್ರಾನ್ ಬರಬೇಕು. ಆದರೆ ಒಂದೊಂದೇ ಮೈಕ್ರಾನ್ ಜಾಗ್ ಮಾಡಿದರೆ ಡಯಲ್ ಮುಳ್ಳು ಮೂರು ನಾಲ್ಕು ಸಲ ಅಲುಗುವುದೇ ಇಲ್ಲ, ಆಮೇಲೆ ಒಮ್ಮೆಲೇ ಹಾರುತ್ತದೆ. ಟೇಬಲ್ ಹಿಂದಕ್ಕೆ ತಂದು, ಡಯಲ್ ಸೊನ್ನೆ ಮಾಡಿ 10 ಮಿ.ಮೀ. ಮುಂದಕ್ಕೆ ಕಳಿಸಿದಾಗ 9.96 ಬಂತು. ಅದಕ್ಕೆ ಮಷಿನ್ ಓಡಿಸುವ ಸಾಫ್ಟ್‌ವೇರ್ Mach3ಯಲ್ಲಿ ಒಂದು ಮಿಲಿಮೀಟರ್‌ಗೆ 1280 ಪಲ್ಸ್ ಇದ್ದುದನ್ನು 1285 ಮಾಡಿದೆ. ಈಗ 120 ಮಿ.ಮೀ. ಅಂತರದ ಡೋವೆಲ್ ರಂಧ್ರಗಳು ಅರ್ಧ ಮಿಲಿಮೀಟರ್‌ನಷ್ಟು ಹೆಚ್ಚಿಗೆ ಬರುತ್ತಿವೆ. ಅಂತರದಲ್ಲಿ ನಮಗೆ ಸಿಗುವ ರಿಯಾಯಿತಿ 0.02 ಮಾತ್ರ. ಮೈಕ್ರೋಸ್ಟೆಪ್ ಇನ್ನೂ ಹೆಚ್ಚಿಸಲೇ, ಇಲ್ಲವೇ ಸ್ಕ್ರೂ ಬದಲಿಸಲೇ?

ಉತ್ತರ: ಎರಡೂ ಬೇಡ. ಮೊದಲು Mach3ಯ ಮೋಟರ್ ಟ್ಯೂನಿಂಗ್ ಪರದೆಗೆ ಹೋಗಿ `Steps per` ಜಾಗದಲ್ಲಿ ಮತ್ತೆ 1280 ಬರೆಯಿರಿ. ನಿಮ್ಮ ಮೂಲ ಲೆಕ್ಕದಲ್ಲಿ ತಪ್ಪಿರಲಿಲ್ಲ.

```
5 / (200 × 32) = 0.00078 mm
(200 × 32) / 5 = 1280 steps/mm
```

1.8 ಡಿಗ್ರಿಯ ಮೋಟರ್ ಒಂದು ಸುತ್ತಿಗೆ 200 ಪೂರ್ಣ ಹೆಜ್ಜೆ ಹಾಕುತ್ತದೆ. ಪ್ರತಿ ಹೆಜ್ಜೆಯನ್ನು ಡ್ರೈವರ್ 32 ಭಾಗ ಮಾಡುತ್ತದೆ, ಆ ಒಂದೊಂದು ಭಾಗವೇ ಮೈಕ್ರೋಸ್ಟೆಪ್. ಸ್ಕ್ರೂ ಒಂದು ಸುತ್ತಿಗೆ ಟೇಬಲ್ಲನ್ನು 5 ಮಿ.ಮೀ. ಒಯ್ಯುತ್ತದೆ. ಈ ಮೂರು ಅಂಕಿಗಳು ಮಷಿನ್‌ನ ಹುಟ್ಟುಗುಣಗಳು. ಅಳತೆ ಸರಿಬರಲಿಲ್ಲವೆಂದು ಇವನ್ನು ತಿದ್ದುವುದು, ತಕ್ಕಡಿ ಸರಿಯಿಲ್ಲವೆಂದು ಕಿಲೋದ ಕಲ್ಲನ್ನೇ ಕೆತ್ತಿದ ಹಾಗೆ.

10 ಮಿ.ಮೀ.ಗೆ 0.04 ಕಡಿಮೆ ಬಂದದ್ದು ಸುಳ್ಳಲ್ಲ. ಆದರೆ ಆ ಕೊರತೆ ಯಾವ ಜಾತಿಯದು ಎಂದು ನೀವು ಕೇಳಲಿಲ್ಲ. ಹೆಜ್ಜೆಯ ಲೆಕ್ಕದಲ್ಲೇ ತಪ್ಪಿದ್ದರೆ ಕೊರತೆ ದೂರದ ಜೊತೆ ಬೆಳೆಯುತ್ತದೆ: 10ಕ್ಕೆ 0.04 ಆದರೆ 100ಕ್ಕೆ 0.4 ಆಗಬೇಕು. ದಿಕ್ಕು ಬದಲಾಗುವಾಗ ನಷ್ಟವಾಗುತ್ತಿದ್ದರೆ 10ಕ್ಕೂ 0.04, 100ಕ್ಕೂ 0.04. ನೀವು ಟೇಬಲ್ಲನ್ನು ಹಿಂದಕ್ಕೆ ತಂದು, ಅಲ್ಲೇ ಸೊನ್ನೆ ಮಾಡಿ, ಮುಂದಕ್ಕೆ ಕಳಿಸಿದ್ದೀರಿ. ಆ ಚಲನೆಯ ಮೊದಲ ಪಲ್ಸ್‌ಗಳು ಟೇಬಲ್ಲನ್ನು ತಲುಪಲೇ ಇಲ್ಲ, ಸಡಿಲವನ್ನು ತುಂಬುವುದರಲ್ಲೇ ಮುಗಿದುಹೋದವು. ಒಂದೇ ಸಲ ಆಗುವ ಆ ನಷ್ಟವನ್ನು ನೀವು ಪ್ರತಿ ಮಿಲಿಮೀಟರ್‌ಗೂ ಹಂಚಿದಿರಿ. ಒಂದೇ ದಿಕ್ಕಿನಲ್ಲಿ 120 ಮಿ.ಮೀ. ಹೋಗುವಾಗ ಹೆಚ್ಚುವರಿ 5 ಪಲ್ಸ್‌ಗಳು 120 ಸಲ ಸೇರಿ 600 ಪಲ್ಸ್ ಆದವು, ಅಂದರೆ 0.47 ಮಿ.ಮೀ. ನಿಮ್ಮ ಅರ್ಧ ಮಿಲಿಮೀಟರ್ ಅದೇ.

ಇದನ್ನು ಖಚಿತ ಮಾಡಿಕೊಳ್ಳಲು ಡಯಲ್ ಸೊನ್ನೆ ಮಾಡುವ ಮೊದಲು ಟೇಬಲ್ಲನ್ನು ಮುಂದಿನ ದಿಕ್ಕಿನಲ್ಲೇ ಒಂದು ಮಿಲಿಮೀಟರ್ ನಡೆಸಿ ನಿಲ್ಲಿಸಿ. ಅಲ್ಲಿ ಸೊನ್ನೆ ಮಾಡಿ, ಅದೇ ದಿಕ್ಕಿನಲ್ಲಿ 10 ಮಿ.ಮೀ. ಕಳಿಸಿ. 1280 ಇಟ್ಟುಕೊಂಡೇ ಹತ್ತಕ್ಕೆ ಹತ್ತು ಸಿಗಬೇಕು. ಆಮೇಲೆ ಹಿಂದಕ್ಕೆ 10 ಕಳಿಸಿ. ಡಯಲ್ ಸೊನ್ನೆಗೆ ಬಾರದೆ ಎಲ್ಲಿ ನಿಂತಿತೋ ಅಷ್ಟು ನಿಮ್ಮ ಮಷಿನ್‌ನ ತಿರುಗು ನಷ್ಟ.

ಈಗ ಜಾಗ್ ಮಾಡುವಾಗ ಅಲುಗದ ಮುಳ್ಳಿನ ವಿಷಯ. ಮೈಕ್ರೋಸ್ಟೆಪ್ ಹೆಚ್ಚಿಸಿದಷ್ಟೂ ನಿಖರತೆ ಹೆಚ್ಚುತ್ತದೆ ಎನ್ನುವ ನಂಬಿಕೆ ನಮ್ಮಲ್ಲಿ ಬಲವಾಗಿ ಬೇರೂರಿದೆ. ಡ್ರೈವರ್ ಪೆಟ್ಟಿಗೆಯ ಮೇಲೆ ಅಚ್ಚಾಗಿರುವ ದೊಡ್ಡ ಅಂಕಿಗಳೂ ಅದಕ್ಕೆ ನೀರೆರೆಯುತ್ತವೆ. 0.78 ಮೈಕ್ರಾನ್ ಎಂಬುದು ಕಂಟ್ರೋಲರ್ ಕೇಳಬಹುದಾದ ಅತಿ ಸಣ್ಣ ದೂರ, ಅಷ್ಟೇ. ಕೇಳಿದಷ್ಟು ಟೇಬಲ್ ಕೊಡುತ್ತದೆಯೇ ಎಂಬುದನ್ನು ತೀರ್ಮಾನಿಸುವುದು ಘರ್ಷಣೆ.

ಮೋಟರ್‌ನ ಪೂರ್ಣ ಹೆಜ್ಜೆ ಟೇಬಲ್ ಮೇಲೆ 25 ಮೈಕ್ರಾನ್. ಎರಡು ಪೂರ್ಣ ಹೆಜ್ಜೆಗಳ ನಡುವಿನ ಸ್ಥಾನಗಳಲ್ಲಿ ರೋಟರನ್ನು ಹಿಡಿಯುವ ಹಲ್ಲು ಯಾವುದೂ ಇಲ್ಲ. ಡ್ರೈವರ್ ಎರಡು ಸುರುಳಿಗಳ ಕರೆಂಟನ್ನು ಒಂದನ್ನು ಇಳಿಸುತ್ತಾ ಇನ್ನೊಂದನ್ನು ಏರಿಸುತ್ತಾ ಹೋಗುತ್ತದೆ, ಕಾಂತಕ್ಷೇತ್ರದ ದಿಕ್ಕು ಸ್ವಲ್ಪ ಸ್ವಲ್ಪವೇ ತಿರುಗುತ್ತದೆ. ರೋಟರ್ ಆ ಕ್ಷೇತ್ರದ ಹಿಂದೆ ಬರಬೇಕಾದರೆ ಅದಕ್ಕೆ ಟಾರ್ಕ್ ಬೇಕು. ಆ ಟಾರ್ಕ್ ಹುಟ್ಟುವುದು ರೋಟರ್ ಹಿಂದೆ ಬಿದ್ದಾಗ ಮಾತ್ರ. ಕ್ಷೇತ್ರಕ್ಕೂ ರೋಟರ್‌ಗೂ ಅಂತರವೇ ಇಲ್ಲದಿದ್ದರೆ ಟಾರ್ಕ್ ಸೊನ್ನೆ. ಅಂತರ ಒಂದು ಪೂರ್ಣ ಹೆಜ್ಜೆಯಷ್ಟಾದಾಗ, ಅಂದರೆ ವಿದ್ಯುತ್ ಕೋನದಲ್ಲಿ 90 ಡಿಗ್ರಿ ಆದಾಗ, ಮೋಟರ್‌ನ ಪೂರ್ತಿ 1.9 ನ್ಯೂಟನ್ ಮೀಟರ್ ಸಿಗುತ್ತದೆ. ನಡುವೆ ಅದು ಸೈನ್ ರೇಖೆಯಂತೆ ಏರುತ್ತದೆ. 32ನೇ ಒಂದು ಭಾಗದ ಮೈಕ್ರೋಸ್ಟೆಪ್ ಅಂದರೆ 2.8 ಡಿಗ್ರಿ. ಅದರ ಸೈನ್ 0.049. ಹೀಗಾಗಿ ನೀವು ಕೊಡುವ ಒಂದು ಪಲ್ಸ್ ಹುಟ್ಟಿಸುವ ಟಾರ್ಕ್ ಸುಮಾರು 0.09 ನ್ಯೂಟನ್ ಮೀಟರ್ ಮಾತ್ರ.

ನಿಮ್ಮ ಸ್ಕ್ರೂ ತಿರುಗಲು ಎಷ್ಟು ಬೇಕು? ಇದನ್ನು ಊಹಿಸಬೇಡಿ, ಅಳೆಯಿರಿ. ಕಪ್ಲಿಂಗ್‌ನ ಮೋಟರ್ ಬದಿಯ ಸ್ಕ್ರೂ ಸಡಿಲಿಸಿ ಮೋಟರ್ ಬಿಡಿಸಿ. ಕಪ್ಲಿಂಗ್‌ಗೆ ನೂಲಿನ ಹುರಿ ಎರಡು ಮೂರು ಸುತ್ತು ಸುತ್ತಿ, ತುದಿಗೆ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ ನಿಧಾನಕ್ಕೆ ಎಳೆಯಿರಿ. ಸ್ಕ್ರೂ ಹೊರಡುವ ಕ್ಷಣದ ಓದು ಬರೆದುಕೊಳ್ಳಿ, ತಿರುಗುತ್ತಿರುವಾಗಿನ ಓದನ್ನೂ ಬರೆದುಕೊಳ್ಳಿ. ಕಪ್ಲಿಂಗ್ ವ್ಯಾಸ 30 ಮಿ.ಮೀ. ಇದ್ದು ತಕ್ಕಡಿ 2 ಕೆ.ಜಿ. ತೋರಿಸಿದರೆ 2 × 9.8 × 0.015, ಅಂದರೆ ಸುಮಾರು 0.3 ನ್ಯೂಟನ್ ಮೀಟರ್. ಡವ್‌ಟೇಲ್ ಸ್ಲೈಡಿನ ಸಡಿಲ ಹೊಂದಿಸುವ ಪಟ್ಟಿಯಾದ ಗಿಬ್ ಬಿಗಿ ಹಿಡಿದ ಮಷಿನ್‌ಗೆ ಇದೇನೂ ವಿಚಿತ್ರದ ಅಂಕಿಯಲ್ಲ. ಇದನ್ನೇ ಇಟ್ಟುಕೊಂಡು ನೋಡೋಣ.

```
asin(0.3 / 1.9) = 9.1°
9.1 / 90 × 25 µm = 2.5 µm
```

ಟೇಬಲ್ ಹೊರಡುವ ಮೊದಲು ರೋಟರ್ ಕ್ಷೇತ್ರಕ್ಕಿಂತ 2.5 ಮೈಕ್ರಾನ್‌ನಷ್ಟು ಹಿಂದೆ ಬೀಳಲೇಬೇಕು. ಅದು ಮೂರಕ್ಕಿಂತ ಸ್ವಲ್ಪ ಹೆಚ್ಚು ಮೈಕ್ರೋಸ್ಟೆಪ್. ನಿಮ್ಮ ಮುಳ್ಳು ಮೂರು ನಾಲ್ಕು ಸಲ ಸುಮ್ಮನಿದ್ದದ್ದಕ್ಕೆ ಇದೇ ಕಾರಣ. ಪಲ್ಸ್ ಕಳೆದುಹೋಗಿಲ್ಲ, ಡ್ರೈವರ್ ಕೆಟ್ಟಿಲ್ಲ. ಒಮ್ಮೆಲೇ ಹಾರುವುದಕ್ಕೂ ಕಾರಣ ಇಲ್ಲೇ ಇದೆ: ನಿಂತ ಸ್ಲೈಡನ್ನು ಹೊರಡಿಸಲು ಬೇಕಾದ ಬಲಕ್ಕಿಂತ ಅದನ್ನು ಓಡಿಸಲು ಬೇಕಾದ ಬಲ ಕಡಿಮೆ. ಹೊರಟ ಕೂಡಲೇ ಕೂಡಿಟ್ಟ ಟಾರ್ಕ್ ಎಲ್ಲ ಒಮ್ಮೆಲೇ ಬಿಡುಗಡೆಯಾಗುತ್ತದೆ, ಕಪ್ಲಿಂಗ್ ಮತ್ತು ಬೇರಿಂಗ್ ಮನೆ ಬಾಗಿ ಕೂಡಿಟ್ಟದ್ದೂ ಅದಕ್ಕೆ ಸೇರುತ್ತದೆ. ತಕ್ಕಡಿಯ ಎರಡು ಓದುಗಳ ನಡುವಿನ ವ್ಯತ್ಯಾಸ ಹೆಚ್ಚಿದಷ್ಟೂ ಹಾರುವಿಕೆ ದೊಡ್ಡದು. ಸ್ಲೈಡಿನ ಎಣ್ಣೆ, ಗಿಬ್‌ನ ಬಿಗಿ ಇವೆರಡೇ ಅದನ್ನು ತಗ್ಗಿಸುತ್ತವೆ. ಸಾಮಾನ್ಯ ಹೈಡ್ರಾಲಿಕ್ ಎಣ್ಣೆ ಹಾಕುವವರು ಬಹಳ ಜನ. ಸ್ಲೈಡ್‌ಗೆಂದೇ ಬರುವ ಎಣ್ಣೆಯನ್ನು ಮಾಡುವುದೇ ಈ ನಿಂತು ಹಾರುವ ಚಾಳಿಯನ್ನು ಕಡಿಮೆ ಮಾಡಲಿಕ್ಕೆ.

ಇನ್ನೊಂದು ಮಾತು. ನಿಮ್ಮ ಬಗೆಯ ಬಹುತೇಕ ಡ್ರೈವರ್‌ಗಳಲ್ಲಿ ಪಲ್ಸ್ ನಿಂತು ಅರ್ಧ ಸೆಕೆಂಡಿನೊಳಗೆ ಕರೆಂಟನ್ನು ಅರ್ಧಕ್ಕೆ ಇಳಿಸುವ ವ್ಯವಸ್ಥೆ ಇರುತ್ತದೆ. ಮೋಟರ್ ಬಿಸಿಯಾಗದಿರಲೆಂದು ಹೀಗೆ ಮಾಡಿರುತ್ತಾರೆ. ಆದರೆ ಅದರಿಂದ ಹಿಡಿತವೂ ಅರ್ಧವಾಗುತ್ತದೆ. ಅದೇ 0.3ರ ಘರ್ಷಣೆಗೆ ರೋಟರ್ ಈಗ 2.5 ಅಲ್ಲ, 5 ಮೈಕ್ರಾನ್‌ವರೆಗೆ ಅತ್ತಿತ್ತ ಇರಬಹುದು. ಡ್ರಿಲ್ಲಿಂಗ್ ಎಂದರೆ ಟೇಬಲ್ ನಿಂತಿರುವಾಗಲೇ ನಡೆಯುವ ಕೆಲಸ. ಆ ಸ್ವಿಚ್ಚನ್ನು ಪೂರ್ಣ ಕರೆಂಟಿಗೆ ಇಡುವುದು ನಿಮಗೆ ಒಳ್ಳೆಯದು. ಮೋಟರ್ ಮೈ ಮುಟ್ಟಲಾಗದಷ್ಟು ಬಿಸಿಯಾಗಬಹುದು. ಅದರ ಬಿಸಿ ಸ್ಕ್ರೂ ತುದಿಗೂ ಹರಿಯುತ್ತದೆ ಎಂಬುದನ್ನು ಮಾತ್ರ ನೆನಪಿಡಿ.

ಹಾಗಾದರೆ 64 ಭಾಗ ಮಾಡಿದರೆ? ಕೇಳುವ ತುಂಡು ಇನ್ನೂ ಸಣ್ಣದಾಗುತ್ತದೆ. ಹಿಂದೆ ಬೀಳುವ 2.5 ಮೈಕ್ರಾನ್ ಹಾಗೆಯೇ ಇರುತ್ತದೆ, ಏಕೆಂದರೆ ಅದು ಘರ್ಷಣೆ ಮತ್ತು ಮೋಟರ್ ಟಾರ್ಕಿನ ಅನುಪಾತ. ಆ ಲೆಕ್ಕದಲ್ಲಿ ಮೈಕ್ರೋಸ್ಟೆಪ್ ಸಂಖ್ಯೆ ಎಲ್ಲೂ ಬರುವುದಿಲ್ಲ. ಇದಲ್ಲದೆ ಒಳ್ಳೆಯ ಸ್ಟೆಪ್ಪರ್‌ಗೂ ತಯಾರಕರು ಹೇಳುವ ಹೆಜ್ಜೆಯ ತಪ್ಪು ಸಾಮಾನ್ಯವಾಗಿ ಪೂರ್ಣ ಹೆಜ್ಜೆಯ 5 ಶೇಕಡಾ ಆಚೀಚೆ, ಅಂದರೆ ನಿಮ್ಮಲ್ಲಿ 1.25 ಮೈಕ್ರಾನ್. ಅದು ದೂರದ ಜೊತೆ ಕೂಡುತ್ತಾ ಹೋಗುವುದಿಲ್ಲ, ನಿಜ. ಆದರೆ ನಿಮ್ಮ ಒಂದು ಮೈಕ್ರೋಸ್ಟೆಪ್‌ಗಿಂತ ಅದೇ ದೊಡ್ಡದು.

ಮೈಕ್ರೋಸ್ಟೆಪ್ ದಂಡ ಎಂದು ನಾನು ಹೇಳುತ್ತಿಲ್ಲ. ಪೂರ್ಣ ಹೆಜ್ಜೆಯಲ್ಲಿ ಓಡಿಸಿದರೆ ಮೋಟರ್ ಕೆಲವು ವೇಗಗಳಲ್ಲಿ ಗಡಗಡ ನಡುಗಿ ಹೆಜ್ಜೆ ಬಿಟ್ಟುಬಿಡುತ್ತದೆ. ಆ ನಡುಕ ತಪ್ಪಿಸುವುದು ಮೈಕ್ರೋಸ್ಟೆಪ್ಪಿನ ನಿಜವಾದ ಕೆಲಸ, ಅದಕ್ಕೆ 8 ಅಥವಾ 10 ಭಾಗ ಸಾಕು. ನಾನಾದರೆ ನಿಮ್ಮ ಸ್ವಿಚ್ಚನ್ನು 2000ಕ್ಕೆ ಇಡುತ್ತೇನೆ. ಆಗ ಒಂದು ಮಿಲಿಮೀಟರ್‌ಗೆ 400 ಪಲ್ಸ್, ಒಂದು ಪಲ್ಸ್‌ಗೆ 2.5 ಮೈಕ್ರಾನ್. ಹತ್ತನೇ ಒಂದು ಭಾಗದ ಹೆಜ್ಜೆಯ ಟಾರ್ಕ್ 0.3 ನ್ಯೂಟನ್ ಮೀಟರ್, ಅಂದರೆ ನಮ್ಮ ಘರ್ಷಣೆಯಷ್ಟೇ. ಮಷಿನ್ ಗುರುತಿಸಬಲ್ಲಷ್ಟು ದೊಡ್ಡ ತುಂಡನ್ನೇ ಕೇಳಿದ ಹಾಗಾಯಿತು. 0.01 ಮಿ.ಮೀ. ಎಂದರೆ ಸರಿಯಾಗಿ 4 ಪಲ್ಸ್.

ವೇಗದ ಲಾಭವೂ ಇದೆ. ನೀವು ಪ್ಯಾರಲೆಲ್ ಪೋರ್ಟ್ ಬಳಸುತ್ತಿದ್ದು Mach3 25 ಕಿಲೋಹರ್ಟ್ಸ್‌ನಲ್ಲಿದ್ದರೆ, 1280 ಪಲ್ಸ್‌ನ ಲೆಕ್ಕದಲ್ಲಿ ಟೇಬಲ್ ನಿಮಿಷಕ್ಕೆ 1.17 ಮೀಟರ್ ಮೀರಿ ಓಡಲಾರದು. 400 ಇಟ್ಟರೆ ಆ ಮಿತಿ 3.75 ಮೀಟರ್. ಅಷ್ಟು ವೇಗದಲ್ಲಿ ಸ್ಟೆಪ್ಪರ್ ಟಾರ್ಕ್ ಕುಸಿದಿರುತ್ತದೆ, ಹಾಗಾಗಿ 2 ಮೀಟರ್‌ಗೆ ನಿಲ್ಲಿಸಿಕೊಳ್ಳಿ.

ಇನ್ನು ಉಳಿದದ್ದು ತಿರುಗು ನಷ್ಟ 0.04. ಇದರಲ್ಲಿ ಮೋಟರ್‌ನ ಪಾಲು ಸಣ್ಣದು: ಒಂದು ದಿಕ್ಕಿಗೆ 2.5, ಇನ್ನೊಂದಕ್ಕೆ 2.5, ಒಟ್ಟು 5 ಮೈಕ್ರಾನ್. ಉಳಿದ 35 ಮೈಕ್ರಾನ್ ಲೋಹದ ಸಡಿಲ. ಎಲ್ಲರೂ ಮೊದಲು ನಟ್ ಮೇಲೆ ಗೂಬೆ ಕೂರಿಸುತ್ತಾರೆ. ನಾನು ಬಿಚ್ಚಿ ನೋಡಿದ ಮಷಿನ್‌ಗಳಲ್ಲಿ ಅನೇಕ ಸಲ ತಪ್ಪಿದ್ದದ್ದು ಸ್ಕ್ರೂ ತುದಿಯ ಬೇರಿಂಗ್ ಬ್ಲಾಕ್‌ನಲ್ಲಿ, ಬೇರಿಂಗನ್ನು ಒತ್ತಿಹಿಡಿಯುವ ಲಾಕ್ ನಟ್ ಸಡಿಲಾಗಿ. ಇದನ್ನು ಬೇರ್ಪಡಿಸಿ ನೋಡಲು ಸುಲಭದ ದಾರಿ ಇದೆ. ಸ್ಕ್ರೂವಿನ ಮೋಟರ್ ಇಲ್ಲದ ತುದಿಯಲ್ಲಿ ಸೆಂಟರ್ ಡ್ರಿಲ್ಲಿನ ಕುಳಿ ಇರುತ್ತದೆ. ಅದಕ್ಕೆ ಸ್ವಲ್ಪ ಗ್ರೀಸ್ ಹಚ್ಚಿ ಒಂದು ಸ್ಟೀಲ್ ಗೋಲಿ ಕೂರಿಸಿ, ಡಯಲ್ ತುದಿಯನ್ನು ಗೋಲಿಯ ಮೇಲಿಡಿ. ಮೋಟರ್‌ಗೆ ಕರೆಂಟ್ ಇರಲಿ, ಸ್ಕ್ರೂ ತಿರುಗದಿರಲಿ. ಟೇಬಲ್ಲನ್ನು ಕೈಯಿಂದ ಜೋರಾಗಿ ಒಮ್ಮೆ ಅತ್ತ ತಳ್ಳಿ, ಒಮ್ಮೆ ಇತ್ತ ಎಳೆಯಿರಿ. ಮುಳ್ಳು ಅಲುಗಿದರೆ ಇಡೀ ಸ್ಕ್ರೂ ಉದ್ದಕ್ಕೆ ಸರಿಯುತ್ತಿದೆ, ದೋಷ ಬೇರಿಂಗ್ ಬ್ಲಾಕ್‌ನದು. ಗೋಲಿ ಕದಲದೆ ಟೇಬಲ್ ಮಾತ್ರ ಕದಲಿದರೆ ದೋಷ ನಟ್‌ನದು, ಇಲ್ಲವೇ ನಟ್ಟನ್ನು ಟೇಬಲ್‌ಗೆ ಕಟ್ಟಿದ ಬ್ರಾಕೆಟ್‌ನದು. ಎರಡು ಕಡೆಯೂ ಗಟ್ಟಿ ಇದ್ದು ನಷ್ಟ ಉಳಿದರೆ ಕಪ್ಲಿಂಗಿನ ಗ್ರಬ್ ಸ್ಕ್ರೂ ನೋಡಿ.

ಬೇರಿಂಗ್ ಬ್ಲಾಕ್‌ನದಾದರೆ ಲಾಕ್ ನಟ್ ಬಿಗಿ ಮಾಡಿ, ಕೆಲಸ ಮುಗಿಯಿತು. ನಟ್‌ನದಾದರೆ ಎರಡು ದಾರಿಗಳಿವೆ. ನಿಮ್ಮ ಗಾತ್ರದ ನಟ್‌ಗಳಲ್ಲಿ ಸಾಮಾನ್ಯವಾಗಿ 3.175 ಮಿ.ಮೀ. ಗೋಲಿಗಳು ಇರುತ್ತವೆ. ಅವನ್ನು ಕೆಲವು ಮೈಕ್ರಾನ್ ದಪ್ಪದ ಗೋಲಿಗಳಿಂದ ಬದಲಿಸಿದರೆ ಸಡಿಲ ಹೋಗುತ್ತದೆ. ಹಳೆಯದು ಹೊಸದು ಬೆರೆಸಬಾರದು. ಬೆರೆಸಿದರೆ ದಪ್ಪ ಗೋಲಿಗಳ ಮೇಲೆಯೇ ಭಾರವೆಲ್ಲ ಬಿದ್ದು ಹಾದಿ ಬೇಗ ಸವೆಯುತ್ತದೆ. ಇದರಲ್ಲಿ ಒಂದು ಅಪಾಯವಿದೆ. ನಟ್ ಬಿಗಿಯಾದಷ್ಟೂ ಘರ್ಷಣೆ ಏರುತ್ತದೆ, ಮೇಲೆ ಲೆಕ್ಕ ಹಾಕಿದ 2.5 ಮೈಕ್ರಾನ್ ಮೂರೋ ನಾಲ್ಕೋ ಆಗುತ್ತದೆ. 35 ಉಳಿಸಲು ಒಂದೆರಡು ಕೊಡುವುದು ಲಾಭದ ವ್ಯಾಪಾರವೇ, ಆದರೆ ಬಿಗಿ ಮಾಡಿದ ಮೇಲೆ ಹುರಿ ತಕ್ಕಡಿಯ ಪರೀಕ್ಷೆ ಮತ್ತೆ ಮಾಡಿ. ಎರಡನೆಯ ದಾರಿ ಪ್ರೀಲೋಡ್ ಇರುವ ಜೋಡಿ ನಟ್ ಕೊಳ್ಳುವುದು. ಅದು ಉದ್ದವಿರುವುದರಿಂದ ಟೇಬಲ್‌ನ ಓಟ ಅಷ್ಟು ಕಡಿಮೆಯಾಗುತ್ತದೆ.

ಇದಾವುದನ್ನೂ ಮಾಡುವ ಮೊದಲೇ ನಿಮ್ಮ ಡೋವೆಲ್ ಕೆಲಸ ನಡೆಯುವಂತೆ ಮಾಡಬಹುದು. ನೀವು ಕೊರೆಯುವುದು ರಂಧ್ರ, ಟೇಬಲ್ ಚಲಿಸುವಾಗ ಲೋಹ ಕತ್ತರಿಸುವುದಿಲ್ಲ. ಪ್ರತಿ ರಂಧ್ರಕ್ಕೂ ಒಂದೇ ದಿಕ್ಕಿನಿಂದ ಬನ್ನಿ. ಹಿಂದಕ್ಕೆ ಹೋಗಬೇಕಾದಲ್ಲಿ 0.2 ಮಿ.ಮೀ. ದಾಟಿ ಹೋಗಿ, ತಿರುಗಿ ಮುಂದಕ್ಕೆ ಬಂದು ನಿಲ್ಲಿ:

```
G0 X-0.2
G0 X0
```

ಸಡಿಲ ಎಷ್ಟೇ ಇದ್ದರೂ ಪ್ರತಿ ಸಲ ಒಂದೇ ಬದಿಗೆ ತುಂಬಿರುತ್ತದೆ, ಎರಡು ರಂಧ್ರಗಳ ಅಂತರದಿಂದ ಅದು ಕಳೆದುಹೋಗುತ್ತದೆ. ಟೇಬಲ್ ಆಮೇಲೆ ಜಾರದಂತೆ ಗಿಬ್ ಸ್ವಲ್ಪ ಹಿಡಿದಿರಲಿ. ತಿರುಗು ನಷ್ಟವನ್ನು ತುಂಬಿಕೊಡಲು Mach3ಯಲ್ಲಿ ಇರುವ ಬ್ಯಾಕ್‌ಲ್ಯಾಶ್ ತಿದ್ದುಪಡಿ ಕೂಡ ಡ್ರಿಲ್ಲಿಂಗ್‌ಗೆ ನಡೆಯುತ್ತದೆ. ಮಿಲ್ಲಿಂಗ್‌ಗೆ ಅದನ್ನು ನಂಬಬೇಡಿ. ಕಟ್ಟರ್ ಟೇಬಲ್ಲನ್ನು ತನ್ನತ್ತ ಎಳೆದುಕೊಂಡಾಗ ಸಡಿಲದೊಳಗೆ ಟೇಬಲ್ ಓಡುವುದನ್ನು ಯಾವ ಸಾಫ್ಟ್‌ವೇರ್ ಕೂಡ ತಡೆಯಲಾರದು.

ಮುಂದೆ ನಿಜವಾಗಿಯೂ ಒಂದೆರಡು ಮೈಕ್ರಾನ್ ಬೇಕೆನಿಸಿದರೆ ಡ್ರೈವರ್ ಸ್ವಿಚ್ಚನ್ನು ಮುಟ್ಟಬೇಡಿ, 20 ಹಲ್ಲು 40 ಹಲ್ಲಿನ ಟೈಮಿಂಗ್ ಬೆಲ್ಟ್ ಹಾಕಿ. ಪೂರ್ಣ ಹೆಜ್ಜೆ 25ರಿಂದ 12.5 ಮೈಕ್ರಾನ್‌ಗೆ ಇಳಿಯುತ್ತದೆ, ಮೋಟರ್ ಕಾಣುವ ಘರ್ಷಣೆಯೂ ಅರ್ಧವಾಗುತ್ತದೆ. ಎರಡೂ ಸೇರಿ ಹಿಂದೆ ಬೀಳುವಿಕೆ ಕಾಲು ಭಾಗಕ್ಕೆ, ಸುಮಾರು 0.6 ಮೈಕ್ರಾನ್‌ಗೆ ಬರುತ್ತದೆ. ಕೊಡಬೇಕಾದ ಬೆಲೆ ಅರ್ಧ ವೇಗ. ಪುಲ್ಲಿಯ ತೂತು ಮಧ್ಯದಲ್ಲಿಲ್ಲದಿದ್ದರೆ ಪ್ರತಿ ಸುತ್ತಿಗೊಮ್ಮೆ ಬಂದು ಹೋಗುವ ಹೊಸ ತಪ್ಪೊಂದನ್ನೂ ಸಾಕಿಕೊಳ್ಳುತ್ತೀರಿ. ಸ್ಕ್ರೂವನ್ನೇ 4 ಮಿ.ಮೀ. ಲೀಡಿಗೆ ಬದಲಿಸಿದರೆ ಹೆಜ್ಜೆ ಐದನೇ ಒಂದು ಭಾಗವಷ್ಟೇ ಇಳಿಯುತ್ತದೆ, ಖರ್ಚಿಗೆ ತಕ್ಕದ್ದಲ್ಲ. ಎನ್ಕೋಡರ್ ಇರುವ ಕ್ಲೋಸ್ಡ್ ಲೂಪ್ ಸ್ಟೆಪ್ಪರ್ ರೋಟರ್ ಹಿಂದೆ ಬೀಳುವುದನ್ನು ತಿದ್ದುತ್ತದೆ. ಆದರೆ ಅದರ ಎನ್ಕೋಡರ್ ಕೂತಿರುವುದು ಮೋಟರ್ ಬೆನ್ನಿಗೆ, ನಟ್‌ನ ಸಡಿಲ ಅದಕ್ಕೆ ಕಾಣುವುದಿಲ್ಲ.

0.02ರ ರಿಯಾಯಿತಿಯನ್ನು ಕೊನೆಗೆ ನುಂಗುವವರು ಇನ್ನಿಬ್ಬರಿದ್ದಾರೆ. ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವ ರೋಲ್ ಮಾಡಿದ ಸ್ಕ್ರೂ ಸಿ7 ದರ್ಜೆಯದು. 300 ಮಿ.ಮೀ. ಉದ್ದದಲ್ಲಿ 0.05ರಷ್ಟು ಲೀಡ್ ತಪ್ಪು ಅದಕ್ಕೆ ಮಾಫಿ. ಉಕ್ಕು ಡಿಗ್ರಿಗೆ ಮೀಟರಿಗೆ ಸುಮಾರು 11.5 ಮೈಕ್ರಾನ್ ಬೆಳೆಯುತ್ತದೆ. ಏಪ್ರಿಲ್ ಮಧ್ಯಾಹ್ನ ಸ್ಕ್ರೂ ನಿಮ್ಮ ಬ್ಲಾಕ್‌ಗಿಂತ 5 ಡಿಗ್ರಿ ಬಿಸಿಯಿದ್ದರೆ 120 ಮಿ.ಮೀ.ನಲ್ಲಿ 7 ಮೈಕ್ರಾನ್ ಹೋಯಿತು. ಆದ್ದರಿಂದ ಬೆಳಿಗ್ಗೆ ಅರ್ಧ ಗಂಟೆ ಮಷಿನ್ ಓಡಿಸಿದ ಮೇಲೆ, ಒಂದೇ ದಿಕ್ಕಿನಿಂದ ಬರುತ್ತಾ, ಸ್ಲಿಪ್ ಗೇಜ್ ಇಟ್ಟು 120 ಮಿ.ಮೀ. ಅಳೆಯಿರಿ. ಟೇಬಲ್‌ನ ಬೇರೆ ಬೇರೆ ಜಾಗಗಳಲ್ಲಿ ಅಳೆದು, ತಪ್ಪು ಕಡಿಮೆ ಇರುವಲ್ಲಿ ಫಿಕ್ಸ್‌ಚರ್ ಕೂರಿಸಿ. ಅಲ್ಲಿ ತಪ್ಪು 8 ಮೈಕ್ರಾನ್ ಒಳಗೆ ಬಂದರೆ ಸ್ಕ್ರೂವನ್ನು ಹಾಗೇ ಇಟ್ಟುಕೊಳ್ಳಿ. ಎಲ್ಲ ಕಡೆಯೂ ಒಂದೇ ಬದಿಗೆ 15 ಮೀರಿದರೆ ಮಾತ್ರ ಗ್ರೈಂಡ್ ಮಾಡಿದ ಸಿ5 ದರ್ಜೆಯ ಸ್ಕ್ರೂವಿನ ದರ ವಿಚಾರಿಸಲು ಹೋಗಿ. ಅದಕ್ಕೂ ಮೊದಲು ಗೋಲಿಯ ಮೇಲಿನ ಡಯಲ್ ಏನು ಹೇಳಿತು, ತಕ್ಕಡಿ ಎಷ್ಟು ತೋರಿಸಿತು, ಈ ಎರಡು ಓದುಗಳನ್ನು ಬರೆದು ಕಳಿಸಿ.